ನೀರು ಅಳೆದು ಬರೆದ ಪತ್ರ

ಜತ್ತ ತಾಲೂಕಿನ ಪೂರ್ವ ಭಾಗದ ಹಳ್ಳಿಗಳಲ್ಲಿ ದಾಳಿಂಬೆ ಬೆಳೆಯುವವರಿಗೆ ಹನಿ ನೀರಾವರಿಯ ಪೈಪು ಕೇವಲ ಒಂದು ಸಲಕರಣೆಯಲ್ಲ. ಬೋರಿನಲ್ಲಿ ದಿನಕ್ಕೆ ಇಷ್ಟೇ ನೀರು ಎಂದು ಗೊತ್ತಿರುವಲ್ಲಿ, ಆ ನೀರು ಪ್ರತಿ ಗಿಡಕ್ಕೂ ಸಮನಾಗಿ ಮುಟ್ಟುವುದು ಅಥವಾ ಮುಟ್ಟದಿರುವುದು ಆ ಪೈಪಿನ ಗುಣವನ್ನು ಅವಲಂಬಿಸಿದೆ. ಅಂಬೆ ಬಹಾರ ಹಿಡಿದ ತೋಟದಲ್ಲಿ ಬೇಸಿಗೆಯ ಹೊತ್ತಿಗೆ ಕಾಯಿ ತುಂಬುತ್ತಿರುತ್ತದೆ. ಆಗ ಒಂದು ಗಿಡಕ್ಕೆ ಹೆಚ್ಚು, ಪಕ್ಕದ ಗಿಡಕ್ಕೆ ಕಡಿಮೆ ನೀರು ಬಿದ್ದರೆ ಕಾಯಿ ಸೀಳುವುದು, ಉದುರುವುದು ಮೊದಲಾಗುತ್ತದೆ. ಹೊಸ ಪೈಪಿನಲ್ಲಿ ದೋಷವಿದೆ ಎಂದು ಕಂಡ ರೈತನಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟಿನಲ್ಲಿ ಅಂಗಡಿಕಾರನಿಗೆ ಬರೆಯುವ ಪತ್ರವೇ ಮುಂದೆ ರೈತನ ಕೈ ಕಟ್ಟಿಹಾಕುವುದೂ ಉಂಟು. ಆ ಪತ್ರವನ್ನು ಹೇಗೆ ಬರೆಯಬೇಕು, ಅದಕ್ಕೂ ಮೊದಲು ಏನು ಮಾಡಿರಬೇಕು ಎಂಬುದನ್ನು ಒಂದು ನಿದರ್ಶನದ ಮೂಲಕ ನೋಡುವುದು ಒಳಿತು.

ನಿದರ್ಶನಕ್ಕಾಗಿ ಸಂಖದ ಕಡೆಯ ಒಬ್ಬ ರೈತನನ್ನು ಕಲ್ಪಿಸಿಕೊಳ್ಳಬಹುದು. ಎರಡು ಎಕರೆ ದಾಳಿಂಬೆ. ಸಾಲಿನಿಂದ ಸಾಲಿಗೆ 15 ಅಡಿ. ಪ್ರತಿ ಸಾಲಿಗೆ ಎರಡು ಪೈಪು. ಅದರಲ್ಲಿ 36 ಗುಂಟೆಯ ಹಳೆಯ ಪೈಪನ್ನು ತೆಗೆದು ಹೊಸದನ್ನು ಹಾಕಲು ಆತ ಜನವರಿ 12ರಂದು ವಿಜಯಪುರದ ಒಂದು ಅಂಗಡಿಯಲ್ಲಿ 16 ಮಿಲಿಮೀಟರಿನ ಇನ್‌ಲೈನ್ ಪೈಪು ಕೊಂಡ. ತಲಾ 400 ಮೀಟರಿನ ನಾಲ್ಕು ಸುರುಳಿ, ಒಟ್ಟು 20,000 ರೂಪಾಯಿ, ಪಕ್ಕಾ ಬಿಲ್ಲು. ಪೈಪಿನೊಳಗೆ 60 ಸೆಂಟಿಮೀಟರಿಗೊಂದು ಡ್ರಿಪರ್, ಪ್ರತಿ ಡ್ರಿಪರ್ ಗಂಟೆಗೆ 4 ಲೀಟರ್ ನೀರು ಕೊಡುವಂಥದು. ಜನವರಿ 20ರಂದು ಪೈಪು ಹಾಸಿದ. 27ರಂದು ಮೊದಲ ಸಲ ಪೂರ್ಣ ನೀರು ಬಿಟ್ಟಾಗ ಕೆಲವು ಸಾಲುಗಳಲ್ಲಿ ಒಂದು ಡ್ರಿಪರಿನ ಕೆಳಗೆ ನೆಲ ತೊಯ್ದು ಕೆಸರಾಗಿದ್ದರೆ, ಅದರ ಪಕ್ಕದ್ದರ ಕೆಳಗೆ ಅಂಗೈಯಗಲ ಮಾತ್ರ ಹಸಿಯಾಗಿತ್ತು.

ಮರುದಿನ ಆತ ಅಂಗಡಿಗೆ ಫೋನು ಮಾಡಿದ. ಬಂದ ಉತ್ತರ ಎಲ್ಲರೂ ಕೇಳಿರುವಂಥದೇ: "ಸಾವಕಾರ್ರ, ಫಿಲ್ಟರ್ ತೊಳದೀರೇನು? ನಿಮ್ಮ ಕಡೀ ಬೋರಿನ ನೀರ ಸವಳ ಐತಿ, ಪೈಪಿಂದೇನ ತಪ್ಪಿಲ್ಲ."

ಆ ಸಂಜೆ ಮನೆಯಲ್ಲಿ ಕುಳಿತು ಆತ ಬರೆದ ಮೊದಲ ಪತ್ರ ಹೀಗಿತ್ತೆಂದು ಊಹಿಸಬಹುದು: "ನೀವು ನಕಲಿ ಮಾಲು ಕೊಟ್ಟು ನಮಗೆ ಮೋಸ ಮಾಡಿದ್ದೀರಿ. ಗಡಿಯಾಚೆಯ ರೈತರೆಂದು ತಿಳಿದು ಬೇಕೆಂದೇ ಹಾಳು ಪೈಪು ಕಟ್ಟಿದ್ದೀರಿ. ನಮ್ಮ ಬೆಳೆಯೆಲ್ಲ ನಾಶವಾಯಿತು. ಎರಡು ದಿನದಲ್ಲಿ ಹಣ ಮತ್ತು ಐದು ಲಕ್ಷ ನಷ್ಟ ಕೊಡದಿದ್ದರೆ ಪೊಲೀಸರಿಗೆ ಹೋಗುತ್ತೇವೆ, ಎಲ್ಲ ಗ್ರೂಪಿನಲ್ಲಿ ಹಾಕುತ್ತೇವೆ."

ಈ ಪತ್ರದಲ್ಲಿ ನೋವು ನಿಜವಾದದ್ದು. ಆದರೆ ಅದರ ಒಂದೊಂದು ವಾಕ್ಯವೂ ಬರೆದವನ ಮೇಲೆ ಹೊಸ ಹೊರೆ ಹೊರಿಸುತ್ತದೆ. ಪೈಪು ನಕಲಿ ಎಂದರೆ ನಕಲಿ ಎಂದು ತೋರಿಸಬೇಕು. ಬೇಕೆಂದೇ ಕೊಟ್ಟರು ಎಂದರೆ ಅಂಗಡಿಕಾರನ ಮನಸ್ಸಿನಲ್ಲಿ ಏನಿತ್ತೆಂದು ತೋರಿಸಬೇಕು. ಬೆಳೆಯೆಲ್ಲ ನಾಶವಾಯಿತು ಎಂದರೆ, ಪೈಪು ಹಾಸಿ ಎಂಟು ದಿನವಾಗಿರುವ ತೋಟದಲ್ಲಿ ಯಾವ ಬೆಳೆ ನಾಶವಾಯಿತೆಂದು ತೋರಿಸಬೇಕು. ಈ ಮೂರರಲ್ಲಿ ಒಂದನ್ನೂ ಆತ ತೋರಿಸಲಾರ. ತೋರಿಸಬಹುದಾದದ್ದು ಒಂದೇ: ಗಂಟೆಗೆ 4 ಲೀಟರ್ ಕೊಡಬೇಕಾದ ಡ್ರಿಪರುಗಳು ಅಷ್ಟು ಕೊಡುತ್ತಿಲ್ಲ. ಅಚ್ಚರಿಯೆಂದರೆ ಆ ಮಾತೇ ಪತ್ರದಲ್ಲಿ ಇಲ್ಲ.

ಕಾನೂನಿಗೂ ಬೇಕಾದದ್ದು ಅಷ್ಟೇ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಸರಕಿನ 'ದೋಷ' ಎಂದರೆ, ಕಾನೂನಿನ ಪ್ರಕಾರ ಅಥವಾ ಕರಾರಿನ ಪ್ರಕಾರ ಇರಬೇಕಾದ ಗುಣ, ಪ್ರಮಾಣ, ಸಾಮರ್ಥ್ಯ, ಶುದ್ಧತೆ ಅಥವಾ ಮಟ್ಟದಲ್ಲಿನ ಊನ ಎಂದು ಅರ್ಥ. ಮಾರಿದವನಿಗೆ ಅದು ಮೊದಲೇ ಗೊತ್ತಿತ್ತೇ, ಆತನ ಉದ್ದೇಶವೇನಿತ್ತು ಎಂಬ ಪ್ರಶ್ನೆ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಪ್ರಾಮಾಣಿಕ ಅಂಗಡಿಕಾರನ ಕೈಯಿಂದಲೂ ದೋಷವುಳ್ಳ ಸರಕು ಬರಬಹುದು. ಸುರುಳಿಯೊಳಗಿನ ಡ್ರಿಪರನ್ನು ಆತನೂ ಕಂಡಿರುವುದಿಲ್ಲ. ಮೋಸದ ಆರೋಪಕ್ಕೆ ಇನ್ನೊಂದು ಅಪಾಯವೂ ಇದೆ. ಸಿಟಿ ಯೂನಿಯನ್ ಬ್ಯಾಂಕ್ ವಿರುದ್ಧ ಆರ್. ಚಂದ್ರಮೋಹನ್ ಎಂಬವರ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದ್ದೇನೆಂದರೆ, ಗ್ರಾಹಕ ಆಯೋಗದ ವಿಚಾರಣೆ ಸಂಕ್ಷಿಪ್ತ ಸ್ವರೂಪದ್ದು. ತೀವ್ರ ವಿವಾದದ ಸಂಗತಿಗಳನ್ನು, ವಂಚನೆ, ಮೋಸಗಳಂಥ ಅಪರಾಧದ ಆರೋಪಗಳನ್ನು ಅಲ್ಲಿ ತೀರ್ಮಾನಿಸಲಾಗದು. ಹೀಗಿರುವಾಗ ಪೈಪಿನ ಸರಳ ತಕರಾರಿಗೆ ಮೋಸದ ಬಣ್ಣ ಬಳಿದವನು, ಈ ಆಯೋಗವು ಇದನ್ನು ವಿಚಾರಿಸಲಾಗದು ಎಂಬ ವಾದವನ್ನು ಎದುರಾಳಿಯ ಕೈಗೆ ತಾನೇ ಕೊಟ್ಟಂತಾಗುತ್ತದೆ. ಇನ್ನು ಮೋಸಗಾರನೆಂದು ಹೆಸರು ಹಿಡಿದು ಗ್ರೂಪಿನಲ್ಲಿ ಬರೆದರೆ ಮಾನಹಾನಿಯ ಪ್ರಶ್ನೆ ಏಳುತ್ತದೆ. ಕೊಂಡವನೇ ಆರೋಪಿಯ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ.

ಆದ್ದರಿಂದ ಮೊದಲ ಪತ್ರವನ್ನು ಹರಿದುಹಾಕಿ, ಲೇಖನಿಗಿಂತ ಮೊದಲು ಅಳತೆಯ ಪಾತ್ರೆಯನ್ನು ಹಿಡಿಯಬೇಕು.

ಡ್ರಿಪರನ್ನು ಅಳೆಯುವುದು ಕಷ್ಟದ ಕೆಲಸವಲ್ಲ. ಗಂಟೆಗೆ 4 ಲೀಟರ್ ಎಂದರೆ 6 ನಿಮಿಷಕ್ಕೆ 400 ಮಿಲಿಲೀಟರ್. ಡ್ರಿಪರಿನ ಕೆಳಗೆ ಸ್ವಲ್ಪ ಮಣ್ಣು ತೆಗೆದು ಅಗಲವಾದ ಡಬ್ಬಿಯಿಟ್ಟು, ನೀರು ಪೈಪಿನ ಗುಂಟ ಜಾರಿ ಹೋಗದಂತೆ ಡ್ರಿಪರಿನ ಎರಡೂ ಬದಿಗೆ ದಾರ ಕಟ್ಟಿ, ಸರಿಯಾಗಿ 6 ನಿಮಿಷ ಹಿಡಿದು, ಅಳತೆಯ ಗೆರೆಯಿರುವ ಪಾತ್ರೆಯಲ್ಲಿ ಸುರಿದು ನೋಡಿದರಾಯಿತು. ಅಳೆಯುವ ಮೊದಲು ಫಿಲ್ಟರ್ ತೊಳೆದಿರಬೇಕು, ಪೈಪಿನ ಕೊನೆ ಬಿಚ್ಚಿ ನೀರು ಹಾಯಿಸಿರಬೇಕು, ಒತ್ತಡದ ಮೀಟರು ಎಷ್ಟು ತೋರಿಸುತ್ತದೆಂದು ಬರೆದಿಟ್ಟುಕೊಂಡಿರಬೇಕು. ಸಾಧಾರಣ ಡ್ರಿಪರುಗಳ ಪ್ರಮಾಣವನ್ನು ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡದಲ್ಲಿ ಹೇಳಿರುತ್ತಾರೆ. ಒತ್ತಡ ಕಡಿಮೆಯಿದ್ದರೆ ನೀರೂ ಕಡಿಮೆ ಬರುತ್ತದೆ. ಅದು ಪೈಪಿನ ದೋಷವಲ್ಲ.

ನಮ್ಮ ನಿದರ್ಶನದ ರೈತ ಜನವರಿ 30ರಂದು ಪ್ರತಿ ಸುರುಳಿಯ ಪೈಪಿನಲ್ಲಿ ಹತ್ತು ಡ್ರಿಪರುಗಳನ್ನು ಅಳೆದ: ಐದು ಸಬ್‌ಮೇನಿನ ಹತ್ತಿರದವು, ಐದು ಸಾಲಿನ ಕೊನೆಯವು. ಮೊದಲ ಎರಡು ಸುರುಳಿಗಳಲ್ಲಿ ನೀರು 380ರಿಂದ 410 ಮಿಲಿಲೀಟರಿನೊಳಗಿತ್ತು. ಮೂರನೆಯದರಲ್ಲಿ 210ರಿಂದ 420. ನಾಲ್ಕನೆಯದರಲ್ಲಿ 190ರಿಂದ 430. ಅದೇ ಸಬ್‌ಮೇನಿಗೆ ಜೋಡಿಸಿದ, ಅದೇ ಪ್ರಮಾಣದ ಹಳೆಯ ಪೈಪಿನಲ್ಲಿ 370ರಿಂದ 395. ಆಗ ಆತ ಪೈಪಿನ ಮೇಲಿನ ಅಚ್ಚನ್ನು ಓದಿದ. ಒಂದು ಮತ್ತು ಎರಡನೆಯ ಸುರುಳಿಗಳಿಗೆ ಒಂದು ಬ್ಯಾಚ್ ಸಂಖ್ಯೆ, ಮೂರು ಮತ್ತು ನಾಲ್ಕನೆಯವಕ್ಕೆ ಬೇರೆ ಬ್ಯಾಚ್ ಸಂಖ್ಯೆ.

ಈ ಅಂಕಿಗಳು ಅಂಗಡಿಕಾರನ ಫಿಲ್ಟರಿನ ಪ್ರಶ್ನೆಗೆ ತಾವೇ ಉತ್ತರ ಹೇಳುತ್ತವೆ. ತಪ್ಪು ಒತ್ತಡದ್ದಾಗಿದ್ದರೆ ನೀರು ಸಾಲಿನ ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಇಳಿಯುತ್ತಿತ್ತು. ತಪ್ಪು ನೀರಿನ ಸವಳು ಅಥವಾ ಕೆಸರಿನದಾಗಿದ್ದರೆ ವರುಷಗಟ್ಟಲೆ ಅದೇ ನೀರು ಕುಡಿದ ಹಳೆಯ ಪೈಪು ಮೊದಲು ಕಟ್ಟಿಕೊಳ್ಳುತ್ತಿತ್ತು, ಹತ್ತು ದಿನದ ಹೊಸ ಪೈಪಲ್ಲ. ಇಲ್ಲಿ ಅಕ್ಕಪಕ್ಕದ ಎರಡು ಡ್ರಿಪರುಗಳಲ್ಲೇ ಒಂದು ತುಂಬಿ ಸುರಿದರೆ ಇನ್ನೊಂದು ಅರ್ಧ ಕೊಡುತ್ತದೆ, ಅದೂ ಒಂದೇ ಬ್ಯಾಚಿನಲ್ಲಿ. ಉಳಿದ ಒಂದು ಸಂಶಯವನ್ನೂ ಆತ ಕಳೆದುಕೊಂಡ. ಮೂರನೆಯ ಸುರುಳಿಯ ಒಂದು ಸಾಲನ್ನು ಬಿಚ್ಚಿ ಒಂದನೆಯ ಸುರುಳಿಯ ಜಾಗಕ್ಕೆ ಜೋಡಿಸಿದ, ಅಲ್ಲಿದ್ದುದನ್ನು ಇಲ್ಲಿಗೆ ತಂದ. ಏರುಪೇರು ಜಾಗದಲ್ಲಿ ಉಳಿಯದೆ ಪೈಪಿನ ಜತೆಗೆ ಹೋಯಿತು. ಆಮೇಲೆ ಕಡಿಮೆ ನೀರು ಕೊಡುವ ಒಂದು ಡ್ರಿಪರನ್ನು ಕತ್ತರಿಸಿ ನೋಡಿದ. ಒಳಗೆ ಉಸುಕಾಗಲಿ ಬಿಳಿಯ ಪದರವಾಗಲಿ ಇರಲಿಲ್ಲ. ಇಬ್ಬರು ನೆರೆಹೊಲದವರು ನಿಂತು ನೋಡಿದ್ದರು. ಅಳತೆಯ ಕಾಗದದ ಮೇಲೆ ಅವರು ಸಹಿ ಮಾಡಿದರು.

ಹೀಗೆ ಅಳೆದವನಿಗೆ ಇನ್ನೊಂದು ಲಾಭವೂ ಆಗುತ್ತದೆ: ಯಾವುದು ಚೆನ್ನಾಗಿದೆ ಎಂಬುದೂ ತಿಳಿಯುತ್ತದೆ. ನಾಲ್ಕೂ ಸುರುಳಿ ಹಾಳೆಂದು ಬರೆಯಲಿದ್ದವನು ಈಗ ಎರಡೇ ಎಂದು ಬರೆಯುತ್ತಾನೆ. ಎರಡು ಚೆನ್ನಾಗಿವೆ ಎಂದು ಒಪ್ಪಿದವನ ಮಾತಿಗೆ, ಉಳಿದೆರಡು ಚೆನ್ನಾಗಿಲ್ಲ ಎನ್ನುವಾಗ ತೂಕ ಬರುತ್ತದೆ.

ಫೆಬ್ರುವರಿ 3ರಂದು ಆತ ಕಳಿಸಿದ ಪತ್ರ ಹೀಗಿರಬಹುದು:

"ಮಾನ್ಯರೆ,

ಜನವರಿ 12ರಂದು ತಮ್ಮ ಅಂಗಡಿಯಿಂದ 16 ಮಿಲಿಮೀಟರಿನ, ಗಂಟೆಗೆ 4 ಲೀಟರ್ ಪ್ರಮಾಣದ ಇನ್‌ಲೈನ್ ಪೈಪಿನ ನಾಲ್ಕು ಸುರುಳಿಗಳನ್ನು 20,000 ರೂಪಾಯಿಗೆ ಖರೀದಿಸಿದ್ದೇನೆ. ಬಿಲ್ಲಿನ ನಕಲು ಲಗತ್ತಿಸಿದೆ. ಜನವರಿ 20ರಂದು ಪೈಪು ಹಾಸಿ, 27ರಂದು ಮೊದಲ ಸಲ ಪೂರ್ಣ ನೀರು ಬಿಟ್ಟಾಗ ಕೆಲವು ಸಾಲುಗಳಲ್ಲಿ ನೀರು ಸಮನಾಗಿ ಬೀಳದಿರುವುದು ಕಂಡಿತು. 28ರಂದು ತಮಗೆ ಫೋನಿನಲ್ಲಿ ತಿಳಿಸಿದ್ದೇನೆ. ಫಿಲ್ಟರ್ ಪರೀಕ್ಷಿಸಲು ತಾವು ಸೂಚಿಸಿದಿರಿ.

ತಮ್ಮ ಸೂಚನೆಯಂತೆ ಫಿಲ್ಟರ್ ತೊಳೆದು, ಪೈಪಿನ ಕೊನೆ ಬಿಚ್ಚಿ ನೀರು ಹಾಯಿಸಿ, ಒತ್ತಡ 1 ಕಿಲೋ ಇರುವುದನ್ನು ನೋಡಿಕೊಂಡು, ಜನವರಿ 30ರಂದು ಪ್ರತಿ ಸುರುಳಿಯ ಹತ್ತು ಡ್ರಿಪರುಗಳ ನೀರನ್ನು ತಲಾ 6 ನಿಮಿಷ ಅಳೆದಿದ್ದೇನೆ. 400 ಮಿಲಿಲೀಟರ್ ಬರಬೇಕಾದಲ್ಲಿ ಒಂದು ಮತ್ತು ಎರಡನೆಯ ಸುರುಳಿಗಳಲ್ಲಿ 380ರಿಂದ 410 ಬಂದಿದೆ. ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಮೂರನೆಯದರಲ್ಲಿ 210ರಿಂದ 420, ನಾಲ್ಕನೆಯದರಲ್ಲಿ 190ರಿಂದ 430 ಬಂದಿದೆ. ಅದೇ ಸಬ್‌ಮೇನಿನ ಹಳೆಯ ಪೈಪಿನಲ್ಲಿ 370ರಿಂದ 395 ಬಂದಿದೆ. ಸಾಲುಗಳನ್ನು ಅದಲುಬದಲು ಮಾಡಿ ಜೋಡಿಸಿದಾಗಲೂ ವ್ಯತ್ಯಾಸವು ಪೈಪಿನ ಜತೆಗೇ ಹೋಗಿದೆ. ಈ ಎರಡೂ ಸುರುಳಿಗಳ ಮೇಲಿನ ಬ್ಯಾಚ್ ಸಂಖ್ಯೆ ಒಂದೇ ಆಗಿದ್ದು, ಅದರ ಚಿತ್ರ ಹಾಗೂ ಸಾಕ್ಷಿದಾರರ ಸಹಿಯುಳ್ಳ ಅಳತೆಯ ಪಟ್ಟಿಯನ್ನು ಲಗತ್ತಿಸಿದೆ.

ಮೂರು ಮತ್ತು ನಾಲ್ಕನೆಯ ಸುರುಳಿಗಳನ್ನು ನಾನು ಸ್ವೀಕರಿಸುತ್ತಿಲ್ಲ ಎಂದು ಈ ಮೂಲಕ ತಿಳಿಸುತ್ತೇನೆ. ಪರಿಶೀಲನೆಗಾಗಿ ಎರಡು ಸಾಲನ್ನು ಇದ್ದಲ್ಲೇ ಇಟ್ಟು, ಉಳಿದುದನ್ನು ತೆಗೆದು ಮನೆಯಲ್ಲಿ ಜೋಪಾನವಾಗಿಟ್ಟಿದ್ದೇನೆ. ಗಿಡಗಳಿಗಾಗಿ ತಾತ್ಕಾಲಿಕವಾಗಿ ಹಳೆಯ ಪೈಪನ್ನೇ ಜೋಡಿಸಿದ್ದೇನೆ.

ತಾವು ಅಥವಾ ಕಂಪನಿಯ ಪ್ರತಿನಿಧಿ ಫೆಬ್ರುವರಿ 12ರೊಳಗೆ ಯಾವುದೇ ದಿನ ತೋಟಕ್ಕೆ ಬಂದರೆ ತಮ್ಮ ಎದುರಿಗೆ ಮತ್ತೆ ಅಳೆದು ತೋರಿಸಲು ಸಿದ್ಧನಿದ್ದೇನೆ. ಈ ಎರಡು ಸುರುಳಿಗಳನ್ನು ಬದಲಿಸಿ ಕೊಡಬೇಕೆಂದು, ಅದು ಸಾಧ್ಯವಾಗದಿದ್ದರೆ ಅವುಗಳ ಬೆಲೆ 10,000 ರೂಪಾಯಿ ಹಿಂದಿರುಗಿಸಬೇಕೆಂದು ಕೋರುತ್ತೇನೆ. ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ. ಅಷ್ಟರಲ್ಲಿ ಇತ್ಯರ್ಥವಾಗದಿದ್ದರೆ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುವ ಹಾಗೂ ಮುಂದೆ ಆಗಬಹುದಾದ ನಷ್ಟವನ್ನು ಕೇಳುವ ನನ್ನ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ.

ತಮ್ಮ ವಿಶ್ವಾಸಿ"

ಈ ಪತ್ರದಲ್ಲಿ ಅಂಗಡಿಕಾರನನ್ನು ನೋಯಿಸುವ ಒಂದು ಶಬ್ದವೂ ಇಲ್ಲ. 'ತಾವು ದೋಷದ ಪೈಪು ಕೊಟ್ಟಿರಿ' ಎಂಬ ವಾಕ್ಯದ ಬದಲು 'ಸುರುಳಿಯಲ್ಲಿ 190ರಿಂದ 430 ಬಂದಿದೆ' ಎಂದಿದೆ. ವಾಕ್ಯದ ಕರ್ತೃ ಮನುಷ್ಯನಲ್ಲ, ಪೈಪು. ಫಿಲ್ಟರಿನ ಸೂಚನೆಯನ್ನು ನೆಪವೆಂದು ಹೀಗಳೆಯದೆ, ಪಾಲಿಸಿ ನೋಡಿದೆ ಎಂದು ಬರೆದಿದೆ. ಆದರೂ ಪತ್ರ ಎಲ್ಲಿಯೂ ಸಡಿಲವಾಗಿಲ್ಲ. ಅದರ ಬಿಗಿಯೆಲ್ಲ ಮೂರು ಸಂಗತಿಗಳಲ್ಲಿದೆ. ಅವುಗಳ ಹಿಂದಿನ ಕಾನೂನನ್ನು ತಿಳಿಯಬೇಕು.

ಮೊದಲನೆಯದು, 'ಸ್ವೀಕರಿಸುತ್ತಿಲ್ಲ' ಎಂಬ ಮಾತು. 1930ರ ಸರಕು ಮಾರಾಟ ಕಾಯಿದೆಯ 42ನೆಯ ಕಲಮಿನಂತೆ, ಸರಕನ್ನು ತಿರಸ್ಕರಿಸಿದ್ದೇನೆಂದು ತಿಳಿಸದೆ ನ್ಯಾಯವಾದ ಅವಧಿ ಮೀರುವವರೆಗೆ ಇಟ್ಟುಕೊಂಡವನು ಅದನ್ನು ಸ್ವೀಕರಿಸಿದನೆಂದೇ ಎಣಿಸಲಾಗುತ್ತದೆ. ಒಮ್ಮೆ ಸ್ವೀಕರಿಸಿದ ಮೇಲೆ, ಆ ಕಾಯಿದೆಯಡಿ ಸಾಮಾನ್ಯವಾಗಿ ಸರಕನ್ನು ಹಿಂದಿರುಗಿಸುವ ಹಕ್ಕು ಹೋಗಿ ನಷ್ಟವನ್ನು ಕೇಳುವ ಹಕ್ಕಷ್ಟೇ ಉಳಿಯುತ್ತದೆ. 'ಹಂಗಾಮು ಮುಗಿಯಲಿ, ಆಮೇಲೆ ನೋಡೋಣ' ಎಂದು ಸುಮ್ಮನಿದ್ದು ಮೇ ತಿಂಗಳಲ್ಲಿ ತಕರಾರು ತೆಗೆಯುವವರು ಸೋಲುವುದು ಇಲ್ಲಿಯೇ. ಹಾಗೆಂದು ಸುರುಳಿಗಳನ್ನು ಬಾಡಿಗೆಯ ಟೆಂಪೋದಲ್ಲಿ ಹೇರಿಕೊಂಡು ವಿಜಯಪುರಕ್ಕೆ ಒಯ್ಯಬೇಕಿಲ್ಲ. ತಿರಸ್ಕರಿಸುವ ಹಕ್ಕಿರುವ ಕೊಳ್ಳುಗನು ಸರಕನ್ನು ಹಿಂದಕ್ಕೆ ಮುಟ್ಟಿಸಬೇಕಾಗಿಲ್ಲ, ಸ್ವೀಕರಿಸುವುದಿಲ್ಲವೆಂದು ತಿಳಿಸಿದರೆ ಸಾಕು ಎಂದು 43ನೆಯ ಕಲಮು ಹೇಳುತ್ತದೆ. ಒಯ್ದು ಅಂಗಡಿಯ ಮುಂದೆ ಒಗೆದು ಬಂದವನ ಕೈಯಲ್ಲಿ ಆಮೇಲೆ ತೋರಿಸಲು ತುಂಡು ಪೈಪೂ ಉಳಿದಿರುವುದಿಲ್ಲ.

ಎರಡನೆಯದು, ಮಾದರಿಯ ಜೋಪಾನ. ದೋಷವನ್ನು ಬರಿಗಣ್ಣಿನಿಂದ ತೀರ್ಮಾನಿಸಲಾಗದಿದ್ದರೆ ಆಯೋಗವು ಸರಕಿನ ಮಾದರಿಯನ್ನು ಮೊಹರು ಮಾಡಿ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸುತ್ತದೆ; 2019ರ ಕಾಯಿದೆಯ 38ನೆಯ ಕಲಮಿನಲ್ಲಿ ಇದರ ವಿಧಾನವಿದೆ. ಪ್ರಯೋಗಾಲಯವು ಸಾಮಾನ್ಯವಾಗಿ 45 ದಿನದೊಳಗೆ ವರದಿ ಕೊಡಬೇಕು. ಅದರ ಶುಲ್ಕವನ್ನು ಮೊದಲು ದೂರುದಾರನೇ ತುಂಬಬೇಕಾಗುತ್ತದೆ. ರೈತನ ಡಬ್ಬಿಯ ಅಳತೆ ಪ್ರಯೋಗಾಲಯದ ವರದಿಯ ಬದಲಿಯಲ್ಲ. ಎಷ್ಟು ಏರುಪೇರಿಗೆ ಭಾರತೀಯ ಮಾನಕದಲ್ಲಿ ಅವಕಾಶವಿದೆ ಎಂಬುದನ್ನು ಹೇಳಬೇಕಾದವರು ಪರೀಕ್ಷಕರು. ರೈತನ ಅಳತೆಯ ಕೆಲಸ, ಅಂಥ ಪರೀಕ್ಷೆಗೆ ಕಾರಣವಿದೆ ಎಂದು ತೋರಿಸುವುದು. ಆದ್ದರಿಂದ ಬ್ಯಾಚ್ ಸಂಖ್ಯೆ ಅಚ್ಚಾಗಿರುವ ಭಾಗ ಸಹಿತ ಉದ್ದನೆಯ ತುಂಡುಗಳನ್ನು ಕತ್ತರಿಸದೆ, ಬಿಸಿಲಿಗೆ ಹಾಕದೆ ಇಡಬೇಕು.

ಮಾದರಿ ಉಳಿಯದ ಸರಕೂ ಇದೆ. ಬಿತ್ತಿದ ಬೀಜ ಮಣ್ಣಿನಿಂದ ಮರಳಿ ಬರುವುದಿಲ್ಲ. ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ವಿರುದ್ಧ ಎಂ. ಮಧುಸೂದನ್ ರೆಡ್ಡಿ ಎಂಬ ಪ್ರಕರಣದಲ್ಲಿ ಆಂಧ್ರಪ್ರದೇಶದ ರೈತರು ಕಳಪೆ ಬೀಜದ ದೂರು ಕೊಟ್ಟಾಗ, ಬೀಜವನ್ನು ಪ್ರಯೋಗಾಲಯಕ್ಕೆ ಕಳಿಸಿಲ್ಲ ಎಂದು ನಿಗಮವು ವಾದಿಸಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಕೊಂಡ ಬೀಜವನ್ನೆಲ್ಲ ರೈತ ಬಿತ್ತುತ್ತಾನೆ. ಮುಂದೆ ತಕರಾರು ಬಂದೀತೆಂದು ಅದರಲ್ಲಿ ಒಂದು ಪಾಲು ತೆಗೆದಿಡಬೇಕೆಂದು ನಿರೀಕ್ಷಿಸಲಾಗದು. ಅದೇ ಬೀಜದ ಮಾದರಿಯನ್ನು ನಿಗಮವೇ ಪರೀಕ್ಷೆಗೆ ಒದಗಿಸಬಹುದಿತ್ತು ಎಂದಿತು. ಆ ರೈತರು ಗ್ರಾಹಕರೇ ಎಂದೂ ಅದೇ ತೀರ್ಪು ಹೇಳಿತು. ಈ ತೀರ್ಪಿನ ರಿಯಾಯಿತಿ ಉಳಿಸಲಾಗದ ಸರಕಿಗೆ ಸಂಬಂಧಿಸಿದ್ದು. ಪೈಪು ಕಣ್ಣೆದುರಿಗೇ ಇರುವಾಗ ಅದನ್ನು ಉಳಿಸದವನಿಗೆ ಇದು ನೆರವಾಗುವುದೆಂದು ನೆಚ್ಚಬಾರದು. ಬೀಜದ ವಿಷಯದಲ್ಲಿಯೂ ಚೀಲ, ಅದರ ಮೇಲಿನ ಚೀಟಿ ಮತ್ತು ಬಿಲ್ಲನ್ನು ಬಿಸಾಡಬಾರದು. ಯಾವ ಲಾಟಿನ ಬೀಜವೆಂದು ಹೇಳುವುದು ಆ ಚೀಟಿಯೇ.

ಮೂರನೆಯದು, ದಿನಾಂಕಗಳು. ಕೆಲವು ಬಿಲ್ಲುಗಳ ಕೆಳಗೆ 'ಮಾರಿದ ಮಾಲು ಹಿಂದೆ ಪಡೆಯುವುದಿಲ್ಲ' ಎಂದು ಅಚ್ಚಾಗಿರುತ್ತದೆ. ಓದಿದವನು ಅಲ್ಲಿಗೇ ಕೈಚೆಲ್ಲುತ್ತಾನೆ. ಆದರೆ ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂದೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು 2019ರ ಕಾಯಿದೆಯು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಆ ಸಾಲು ದೋಷವಿಲ್ಲದ ಸರಕಿಗೆ ಅನ್ವಯಿಸಬಹುದು, ದೋಷದ ಸರಕಿಗಲ್ಲ. ನಮ್ಮ ರೈತನ ಪತ್ರ ಖರೀದಿಯ 22ನೆಯ ದಿನಕ್ಕೆ ಹೊರಟಿದೆ. ಅದರಲ್ಲಿ ಫೋನು ಮಾಡಿದ ದಿನವೂ ದಾಖಲಾಗಿದೆ. ಫೋನಿನ ಮಾತನ್ನು ಪತ್ರದಲ್ಲಿ ಬರೆದಿಟ್ಟಾಗ ಮಾತ್ರ ಅದಕ್ಕೆ ಮುಂದೆ ರುಜುವಾತಿನ ಬೆಲೆ ಬರುತ್ತದೆ. ಪತ್ರವನ್ನು ತಲುಪಿದ್ದಕ್ಕೆ ದಾಖಲೆ ಸಿಗುವ ಅಂಚೆಯಲ್ಲಿ ಕಳಿಸಿ ಪಾವತಿಯನ್ನು ಇಟ್ಟುಕೊಳ್ಳಬೇಕು. ಒಂದು ಪ್ರತಿಯನ್ನು ಪೈಪು ತಯಾರಿಸಿದ ಕಂಪನಿಗೂ ಕಳಿಸಬೇಕು. ಬ್ಯಾಚಿನ ದೋಷವನ್ನು ಕಂಪನಿ ಒಪ್ಪಿದರೆ ಅಂಗಡಿಕಾರನ ಭಾರವೂ ಇಳಿಯುತ್ತದೆ. ಎಷ್ಟೋ ಸಲ ಆತ ತಾನೇ ಮುಂದಾಗಿ ನಿಂತು ಬದಲಿಸಿಕೊಡುವುದು ಈ ಕಾರಣಕ್ಕೇ. ಮೋಸಗಾರನೆಂದು ಕರೆಸಿಕೊಂಡವನು ಹಾಗೆ ನಿಲ್ಲುವುದಿಲ್ಲ.

ಪತ್ರದಲ್ಲಿ ಬೆಳೆಯ ನಷ್ಟದ ಮೊತ್ತವಿಲ್ಲದಿರುವುದನ್ನು ಓದುಗರು ಗಮನಿಸಿರಬಹುದು. ಅದನ್ನು ಮರೆತು ಬಿಟ್ಟದ್ದಲ್ಲ. ಫೆಬ್ರುವರಿ ಮೊದಲ ವಾರದಲ್ಲಿ ಅಂಥ ನಷ್ಟ ಆಗಿಲ್ಲ. ಆಗದ್ದನ್ನು ಬರೆದರೆ ಆದದ್ದೂ ಸುಳ್ಳಾಗಿ ಕಾಣುತ್ತದೆ. ಮುಂದೆ ನಿಜವಾಗಿ ಕಾಯಿ ಉದುರಿದರೆ, ಗ್ರಾಮದ ಸಹಾಯಕ ಕೃಷಿ ಅಧಿಕಾರಿಗಳನ್ನು ಕರೆದು ತೋರಿಸಿ ಅವರಿಂದ ಬರಹದಲ್ಲಿ ಪಡೆಯುವ ದಾರಿ ತೆರೆದೇ ಇದೆ. 'ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ' ಎಂಬ ಒಂದು ಮಾತು ಆ ಬಾಗಿಲನ್ನು ತೆರೆದಿಡುತ್ತದೆ. ಆದರೆ ಹಳೆಯ ಪೈಪು ಮನೆಯಲ್ಲಿ ಬಿದ್ದಿರುವಾಗ ಅದನ್ನು ಜೋಡಿಸದೆ ಗಿಡ ಒಣಗಲು ಬಿಟ್ಟವನಿಗೆ ಆ ನಷ್ಟ ಸಿಗುವುದು ಕಷ್ಟ. ತಪ್ಪಿಸಬಹುದಾದ ನಷ್ಟವನ್ನು ತಪ್ಪಿಸಲು ಪ್ರಯತ್ನಿಸಿದನೇ ಎಂದು ಯಾವ ನ್ಯಾಯಪೀಠವೂ ಕೇಳುತ್ತದೆ.

ಇನ್ನು ಗಡಿಯ ಪ್ರಶ್ನೆ. ಅಂಗಡಿ ಕರ್ನಾಟಕದ ವಿಜಯಪುರದಲ್ಲಿ, ತೋಟ ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ. ಉಮದಿ, ಸಂಖದ ಕಡೆಯವರಿಗೆ ಇದು ಹೊಸತಲ್ಲ. ಸಂತೆ, ಆಸ್ಪತ್ರೆ, ಬೀಗತನ ಎಲ್ಲವೂ ಗಡಿ ದಾಟಿಯೇ ನಡೆಯುತ್ತವೆ. 1986ರ ಹಳೆಯ ಕಾಯಿದೆಯಡಿ ಸಾಮಾನ್ಯವಾಗಿ ಮಾರಿದವನಿರುವ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಜಿಲ್ಲೆಯಲ್ಲಿಯೇ ದೂರು ಕೊಡಬೇಕಾಗಿತ್ತು. 2020ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾಯಿದೆಯ 34ನೆಯ ಕಲಮು, ದೂರುದಾರನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೂ ದೂರು ಸಲ್ಲಿಸಲು ಅವಕಾಶ ಕೊಟ್ಟಿದೆ. ಎಂದರೆ ಸಂಖದ ರೈತ ವಿಜಯಪುರದ ಖರೀದಿಯ ದೂರನ್ನು ಸಾಂಗಲಿಯ ಜಿಲ್ಲಾ ಆಯೋಗದಲ್ಲಿಯೇ ಕೊಡಬಹುದು. ಸರಕಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಿ ನೋಡಬಹುದು. ಅದು ಕಂಪನಿಗೆ ವಿಷಯ ಮುಟ್ಟಿಸುತ್ತದೆ, ಆದರೆ ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ.

ಭಾಷೆಯ ವಿಷಯವನ್ನೂ ಹೇಳಿಬಿಡಬೇಕು. ಓದುವವನಿಗೆ ತಿಳಿಯುವುದೇ ಪತ್ರದ ಭಾಷೆ. ವಿಜಯಪುರದ ಅಂಗಡಿಗೆ ಕನ್ನಡದಲ್ಲಿ ಬರೆಯುವುದೇ ಸರಿ. ಸಾಂಗಲಿ ಅಥವಾ ಮಿರಜದ ಅಂಗಡಿಗೆ ಮರಾಠಿ ಸುಲಭ. ಕನ್ನಡದಲ್ಲಿ ಬರೆದ ಪತ್ರ ಮುಂದೆ ಸಾಂಗಲಿಯ ಆಯೋಗದ ಮುಂದೆ ಬರುವುದಾದರೆ ಅದರ ಮರಾಠಿ ಅಥವಾ ಇಂಗ್ಲಿಷ್ ಅನುವಾದವನ್ನು ಜತೆಗಿಡಬೇಕಾಗುತ್ತದೆ. ಅನುವಾದಿಸುವಾಗ ತಿಳಿಯುವ ಒಂದು ಸಂಗತಿಯುಂಟು: ಬೈಗುಳ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಹದ ತಪ್ಪುತ್ತದೆ, ಅಂಕಿ ತಪ್ಪುವುದಿಲ್ಲ.

ಇದೆಲ್ಲದರ ಬುಡದಲ್ಲಿರುವುದು ಬಿಲ್ಲು. ತೆರಿಗೆ ಉಳಿಯುತ್ತದೆಂದು ಕಚ್ಚಾ ಚೀಟಿಯ ಮೇಲೆ ಪೈಪು ಕೊಂಡವನ ಪತ್ರಕ್ಕೆ ಮೊದಲ ವಾಕ್ಯವೇ ಇರುವುದಿಲ್ಲ. ಬಿಲ್ಲು ಕೊಡಲು ನಿರಾಕರಿಸುವುದನ್ನೂ ಹೊಸ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಯೆಂದೇ ಕರೆದಿದೆ. ಆದರೂ ಬಿಲ್ಲು ಬೇಡವೆನ್ನುವವರು ಕೆಲವು ಸಲ ಕೊಳ್ಳುವವರೇ ಆಗಿರುತ್ತಾರೆ. ಪೈಪು ಬಂದ ದಿನವೇ ಬಿಲ್ಲಿನ ಬೆನ್ನಿಗೆ ಪ್ರತಿ ಸುರುಳಿಯ ಬ್ಯಾಚ್ ಸಂಖ್ಯೆಯನ್ನು ಬರೆದು, ಹಾಸುವ ಮೊದಲು ಪ್ರತಿ ಸುರುಳಿಯಿಂದ ಒಂದು ಸಾಲು ಜೋಡಿಸಿ, ಹತ್ತು ಡಬ್ಬಿ ಇಟ್ಟು 6 ನಿಮಿಷ ನೀರು ಹಿಡಿದು ನೋಡುವ ರೈತನಿಗೆ ಬಹಳ ಸಲ ಈ ಪತ್ರವನ್ನು ಬರೆಯುವ ಪ್ರಸಂಗವೇ ಬರುವುದಿಲ್ಲ. ದೋಷದ ಸುರುಳಿ ಕಟ್ಟು ಬಿಚ್ಚಿದ ವಾರದಲ್ಲೇ ಅಂಗಡಿಗೆ ಮರಳುತ್ತದೆ.